ತೋರುಬೆರಳು ಮನೆಗೆ ಮರಳಿದ ಮೇಲೆ: ಹತ್ತು ಬೆರಳಿನ ಟೈಪಿಂಗ್, ನನ್ನ ಅನುಭವ

ಡಿಟಿಪಿ ಕೆಲಸಕ್ಕೆ ಸೇರಿ ಆರು ವರ್ಷ ನಾನು ಎರಡೇ ಬೆರಳಲ್ಲಿ ಕನ್ನಡ ಟೈಪ್ ಮಾಡಿದೆ. ನಿಮಿಷಕ್ಕೆ ನೂರು ಕೀಲಿಯವರೆಗೂ ಹೋಗುತ್ತಿತ್ತು. ಆದರೆ ಕಣ್ಣು ಸದಾ ಕೀಲಿಮಣೆಯ ಮೇಲೆ. ಹಸ್ತಪ್ರತಿಯ ಒಂದು ಸಾಲು ಓದಿ, ಕೆಳಗೆ ನೋಡಿ ಹೊಡೆದು, ಮತ್ತೆ ತಲೆ ಎತ್ತುವಷ್ಟರಲ್ಲಿ ಸಾಲು ತಪ್ಪಿಹೋಗಿರುತ್ತಿತ್ತು. ಒಂದು ಲಗ್ನಪತ್ರಿಕೆಯಲ್ಲಿ ಹೀಗೆ ಒಂದು ಹೆಸರೇ ಬಿಟ್ಟುಹೋಯಿತು. ಆಮೇಲೆ ಮೊದಲಿನಿಂದ ಕಲಿಯಲು ಕೂತೆ.

ನಾನು ಬಳಸುವುದು ನುಡಿ ತಂತ್ರಾಂಶದಲ್ಲಿರುವ ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ. ಇನ್‌ಸ್ಕ್ರಿಪ್ಟ್ ಬಳಸುವವರಿಗೂ ಬೆರಳುಗಳ ಜಾಗ ಇದೇ, ಅಕ್ಷರಗಳು ಮಾತ್ರ ಬೇರೆ. `F` ಮತ್ತು `J` ಕೀಲಿಗಳ ಮೇಲೆ ಒಂದೊಂದು ಸಣ್ಣ ಉಬ್ಬುಗೆರೆ ಇರುತ್ತದೆ. ಎರಡು ತೋರುಬೆರಳುಗಳನ್ನು ಅವುಗಳ ಮೇಲಿಟ್ಟರೆ ಉಳಿದವು ತಾವಾಗಿಯೇ ಸಾಲಿಗೆ ಬರುತ್ತವೆ. ಎಡಗೈಯ ಕಿರುಬೆರಳಿಂದ ಶುರುಮಾಡಿದರೆ `A S D F`, ಬಲಗೈಯ ತೋರುಬೆರಳಿಂದ ಶುರುಮಾಡಿದರೆ `J K L ;`. ಹೆಬ್ಬೆರಳಿಗೆ ಸ್ಪೇಸ್. `G` ಎಡ ತೋರುಬೆರಳಿಗೂ `H` ಬಲ ತೋರುಬೆರಳಿಗೂ ಸೇರಿದ್ದು. ಮೇಲಿನ, ಕೆಳಗಿನ ಸಾಲುಗಳಿಗೂ ಅದೇ ಬೆರಳು ತುಸು ಓರೆಯಾಗಿ ಹೋಗಿ ಬರುತ್ತದೆ: ನಡುಬೆರಳಿಗೆ `E D C`, ಹಾಗೆ. ತೋರುಬೆರಳುಗಳ ಪಾಲು ಮಾತ್ರ ದೊಡ್ಡದು. ಎಡದ್ದಕ್ಕೆ `R T F G V B`, ಬಲದ್ದಕ್ಕೆ `Y U H J N M`.

ಮೊದಲ ವಾರ ನಡುಸಾಲು ಬಿಟ್ಟು ಬೇರೆಲ್ಲೂ ಹೋಗಲಿಲ್ಲ. ಈ ವಿನ್ಯಾಸದಲ್ಲಿ ಆ ಒಂದು ಸಾಲಿನಲ್ಲೇ ನಿಜವಾದ ಪದಗಳು ಸಿಗುತ್ತವೆ ಎನ್ನುವುದು ನನಗೆ ತುಂಬಾ ಇಷ್ಟವಾದ ಸಂಗತಿ:

```
ಸಹಜ   shj
ಅಗಲ   agl
ಅಕ್ಕ    akfk
ಗದ್ದಲ   gdfdl
ಕಾಗದ   kAgd
```

`f` ಎಂದರೆ ಇಲ್ಲಿ ಒತ್ತು ಕೂಡಿಸುವ ಕೀಲಿ. `A` ದೀರ್ಘ, ಅದಕ್ಕೆ ಶಿಫ್ಟ್ ಬೇಕು. ಅಕ್ಷರ ಯಾವ ಕೈಯಲ್ಲಿದೆಯೋ ಶಿಫ್ಟ್ ಅದರ ಎದುರಿನ ಕೈಯದ್ದು. 'ಅವಳು ಹಾಲು ತಂದಳು' ಎನ್ನುವುದನ್ನು `avLu hAlu tMdLu` ಎಂದು ಹೊಡೆಯುವಾಗ `L`, `M` ಎರಡಕ್ಕೂ ಎಡ ಶಿಫ್ಟ್, `A` ಬಂದಾಗ ಬಲ ಶಿಫ್ಟ್. ಎರಡೂ ಶಿಫ್ಟ್ ಕೈಗೆ ಒಗ್ಗಲೆಂದು ನಡುಸಾಲು ಮುಗಿದ ಮೇಲೆ ಈ ಒಂದು ವಾಕ್ಯವನ್ನು ದಿನಾ ಇಪ್ಪತ್ತು ಸಲ ಹೊಡೆಯುತ್ತಿದ್ದೆ.

ಅಂಗಡಿ ತೆರೆಯುವ ಮುಂಚೆ ಇಪ್ಪತ್ತು ನಿಮಿಷ, ರಾತ್ರಿ ಇಪ್ಪತ್ತು ನಿಮಿಷ ಅಭ್ಯಾಸ. ಮೊಬೈಲಿನಲ್ಲಿ ಮೆಟ್ರೊನೋಮ್ ಹಾಕಿಕೊಂಡು ಒಂದು ತಾಳಕ್ಕೆ ಒಂದು ಕೀಲಿ, ನಿಮಿಷಕ್ಕೆ 60ರಿಂದ ಆರಂಭ. ನೂರು ಕೀಲಿಗೆ ಮೂರಕ್ಕಿಂತ ಕಡಿಮೆ ತಪ್ಪು ಸತತ ಎರಡು ದಿನ ಬಂದರೆ ಮಾತ್ರ 5 ಹೆಚ್ಚಿಸುತ್ತಿದ್ದೆ. ಅಭ್ಯಾಸದ ಹೊತ್ತಿನಲ್ಲಿ ಬ್ಯಾಕ್‌ಸ್ಪೇಸ್ ಮುಟ್ಟುತ್ತಿರಲಿಲ್ಲ. ಅಳಿಸಿಬಿಟ್ಟರೆ ತಪ್ಪು ಎಲ್ಲಾಗುತ್ತಿದೆ ಎಂಬ ಗುರುತೇ ಉಳಿಯುವುದಿಲ್ಲ. ಕೊನೆಗೆ ಹಾಳೆ ನೋಡಿ ಎಣಿಸಿದಾಗ, ನನ್ನ ತಪ್ಪುಗಳಲ್ಲಿ ಹೆಚ್ಚಿನವು ಎರಡೇ ಬಗೆಯವು ಎಂದು ಕಂಡಿತು.

ಒಂದು, 'ದ' ಬರಬೇಕಾದಲ್ಲಿ 'ಕ', 'ಸ' ಬರಬೇಕಾದಲ್ಲಿ 'ಲ'. `D` ಮತ್ತು `K` ಎರಡೂ ನಡುಬೆರಳಿನವು, `S` ಮತ್ತು `L` ಎರಡೂ ಉಂಗುರಬೆರಳಿನವು. ಬೆರಳು ಸರಿ, ಕೈ ಅದಲುಬದಲು. ಇದು ವೇಗ ಮೀರಿದ್ದರ ಲಕ್ಷಣ. 10 ತಾಳ ಇಳಿಸಿ `dk kd sl ls` ಎಂದು ಐದು ನಿಮಿಷ ಹೊಡೆದರೆ ಸರಿಹೋಗುತ್ತಿತ್ತು.

ಇನ್ನೊಂದು ಹಠಮಾರಿ. 'ಎತ್ತು', 'ಹಬ್ಬ', 'ಹಗ್ಗ' ಬಂದಲ್ಲೆಲ್ಲ ತಾಳ ತಪ್ಪುತ್ತಿತ್ತು. 'ಅಲ್ಲ', 'ಅಮ್ಮ', 'ಅಪ್ಪ' ಸಲೀಸು. ಬಹಳ ದಿನ ಕಾರಣ ತಿಳಿಯಲಿಲ್ಲ. ಒಂದು ರಾತ್ರಿ ನಿಧಾನಕ್ಕೆ ಹೊಡೆಯುತ್ತಾ ಬೆರಳನ್ನೇ ಗಮನಿಸಿದೆ. `lfl` ಎನ್ನುವಾಗ ಬಲಗೈ, ಎಡಗೈ, ಬಲಗೈ ಎಂದು ಸರದಿ ಬರುತ್ತದೆ. `tft`, `bfb`, `gfg` ಮೂರೂ ಏಟು ಎಡ ತೋರುಬೆರಳಿಗೇ ಬೀಳುತ್ತವೆ. ಈ ಜಾಗದಲ್ಲಿ ಯಾರ ವೇಗವಾದರೂ ಇಳಿಯುತ್ತದೆ. ಬೇರೆ ಬೆರಳಿಂದ `t` ಹೊಡೆದು ತಪ್ಪಿಸಿಕೊಳ್ಳಲು ನೋಡಿದೆ, ಆಗ ಇಡೀ ಕೈ ಜಾಗ ಬಿಟ್ಟಿತು. ಆದರೆ `f` ಆ ಬೆರಳಿನ ಸ್ವಂತ ಮನೆ. ಹೊರಗೆ ಹೋಗು, ಉಬ್ಬುಗೆರೆ ಮುಟ್ಟು, ಮತ್ತೆ ಹೊರಗೆ ಹೋಗು ಎಂದುಕೊಂಡು ಹೊಡೆಯತೊಡಗಿದಾಗ ತಾಳಕ್ಕೆ ಕೂತಿತು. ಎರಡು ವಾರ 'ಹತ್ತು ಮುತ್ತು ಸುತ್ತ ಹಬ್ಬ' ಎಂಬ ಸಾಲನ್ನು ಬೇರೆ ಸಾಲುಗಳಿಗಿಂತ 15 ತಾಳ ಕಡಿಮೆಯಲ್ಲೇ ಹೊಡೆದೆ.

ಕಷ್ಟವಾದದ್ದು ಕೆಲಸದ ಹೊತ್ತು. ಗಿರಾಕಿ ಎದುರು ಕೂತಿದ್ದರೆ ಕೈ ಎರಡೇ ಬೆರಳಿಗೆ ಮರಳುತ್ತಿತ್ತು. ಮೂರನೇ ವಾರದಿಂದ, ಆತುರವಿಲ್ಲದ ಪ್ರೂಫ್ ತಿದ್ದುಪಡಿಗಳಿಗೆ ಹತ್ತೂ ಬೆರಳು, ಉಳಿದದ್ದಕ್ಕೆ ಹಳೇ ರೀತಿ ಎಂದು ಹಂಚಿಕೊಂಡೆ. ಏಳನೇ ವಾರಕ್ಕೆ ತಾಳ 100 ಮುಟ್ಟಿ ಹಳೆಯ ವೇಗಕ್ಕೆ ಸಮನಾಯಿತು, ಅವತ್ತೇ ಹಳೇ ರೀತಿ ಬಿಟ್ಟೆ. ಮೂರು ತಿಂಗಳಿಗೆ 140. ಐದು ಕೀಲಿಗೆ ಒಂದು ಪದವೆಂದು ಲೆಕ್ಕ ಹಾಕಿದರೆ ನಿಮಿಷಕ್ಕೆ 28 ಪದ. ಈಗ ಕಣ್ಣು ಹಸ್ತಪ್ರತಿಯ ಮೇಲೆಯೇ ಇರುತ್ತದೆ, ಹೆಸರುಗಳು ಬಿಟ್ಟುಹೋಗುತ್ತಿಲ್ಲ.