ಕದ್ದ ಪಿಡಿಎಫ್ ಒಂದೂ ಇಲ್ಲದ ನನ್ನ ಒಂದು ಟಿಬಿ ಡಿಸ್ಕ್

ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬರು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಟೆಲಿಗ್ರಾಂ ಗ್ರೂಪಿನ ಪಿಡಿಎಫ್ ಬಿಟ್ಟು ಗೇಟ್ ಪರೀಕ್ಷೆಗೆ ಓದ್ತೀಯಾ? ಆಗೋ ಮಾತಲ್ಲ ಬಿಡೋ." ನಮ್ಮ ಮನೆ ಹೊಸನಗರದಿಂದ ಇನ್ನೂ ಒಳಗೆ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಕರೆಂಟೂ ಟವರೂ ಒಟ್ಟಿಗೇ ಹೋಗುತ್ತವೆ. ಓದುವುದೆಲ್ಲ ಮೊದಲೇ ಡಿಸ್ಕಿಗೆ ಇಳಿದಿರಬೇಕು. ಕಾನೂನಿನ ಒಳಗೇ ಇದ್ದು ಅದನ್ನು ಮಾಡಿ ಮುಗಿಸಲು ನನಗೆ ಎರಡು ಮಳೆಗಾಲ ಬೇಕಾಯಿತು. ಈಗ ಹೆಚ್ಚುಕಡಿಮೆ 240 ಜಿಬಿ ತುಂಬಿದೆ. ಯಾವ ಫೈಲ್ ತೋರಿಸಿ ಕೇಳಿದರೂ "ಇದು ಎಲ್ಲಿಂದ, ಯಾವ ಹಕ್ಕಿನಲ್ಲಿ ಬಂತು" ಎಂದು ಹೇಳಬಲ್ಲೆ. ನಮ್ಮ ಬ್ಯಾಚಿನಲ್ಲಿ ಹಾಗೆ ಹೇಳಬಲ್ಲ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಮೊದಲ ವರ್ಷ ಹಣ ಹಾಕಿದ್ದು ತಪ್ಪು ಜಾಗಕ್ಕೆ. ಯೂಟ್ಯೂಬ್ ಪ್ರೀಮಿಯಂ ತೆಗೆದುಕೊಂಡು ಲೆಕ್ಚರುಗಳನ್ನೆಲ್ಲ ಆ್ಯಪಿನೊಳಗೇ ಇಳಿಸಿಕೊಂಡು ಊರಿಗೆ ಹೋದೆ. ನಿಯಮದ ಪ್ರಕಾರ ಅದು ಸರಿಯಾದ ದಾರಿಯೇ. ಆದರೆ ತಿಂಗಳಿಗೊಮ್ಮೆಯಾದರೂ ನೆಟ್ ತೋರಿಸದಿದ್ದರೆ ಇಳಿಸಿದ್ದು ತೆರೆಯುವುದಿಲ್ಲ. ಆಷಾಢದಿಂದ ಹಿಡಿದು ಐದು ವಾರ ಟವರ್ ಸತ್ತಿತ್ತು, ಅಷ್ಟೂ ಲೆಕ್ಚರ್ ಮುಚ್ಚಿಕೊಂಡಿತು. ಅದೇ ವರ್ಷ ಏಳುನೂರು ಚಿಲ್ಲರೆ ಕೊಟ್ಟು ಕೊಂಡ ಇ-ಪುಸ್ತಕವೊಂದು ಫೋನ್ ಬದಲಿಸಿದ ಮೇಲೆ ಮತ್ತೆ ಲಾಗಿನ್ ಕೇಳಿತು, ಅದಕ್ಕೂ ನೆಟ್ ಬೇಕು. ನಾನು ಕೊಂಡದ್ದು ಪುಸ್ತಕವಲ್ಲ, ಓದುವ ಪರವಾನಗಿ ಎಂಬುದು ಅಂದು ಚೆನ್ನಾಗಿ ನಾಟಿತು.

ಆಮೇಲೆ ಪ್ರತಿ ಫೈಲಿಗೂ ಮೂರು ಪ್ರಶ್ನೆ ಬೇರೆಬೇರೆಯಾಗಿ ಕೇಳಲು ಶುರುಮಾಡಿದೆ: ಕಾಯ್ದೆ ಏನು ಬಿಡುತ್ತದೆ, ಬರೆದವರು ಏನು ಬಿಟ್ಟಿದ್ದಾರೆ, ನಾನು ಒಳಹೊಕ್ಕ ಬಾಗಿಲಿನ ಷರತ್ತೇನು. ಎಲ್ಲರೂ ಎಡವುವುದು ಈ ಮೂರನ್ನೂ ಕಲಸಿಬಿಡುವುದರಿಂದ.

ಗಿಲ್ಬರ್ಟ್ ಸ್ಟ್ರಾಂಗ್ ಅವರ ಲೀನಿಯರ್ ಆಲ್ಜೀಬ್ರಾ ಲೆಕ್ಚರುಗಳನ್ನೇ ನೋಡಿ, ಎಂಐಟಿಯ 18.06 ಕೋರ್ಸು. ಆ ಸಂಸ್ಥೆಯ ಮುಕ್ತ ಪಾಠಗಳ ತಾಣವಾದ ಓಪನ್‌ಕೋರ್ಸ್‌ವೇರ್ ಅದನ್ನು CC BY-NC-SA ಪರವಾನಗಿಯಲ್ಲಿ ಕೊಟ್ಟಿದೆ. ಹೆಸರು ಹೇಳಿ, ದುಡ್ಡು ಮಾಡದೆ, ಅದೇ ಪರವಾನಗಿಯಲ್ಲಿ ನಕಲು ಮಾಡಬಹುದು, ಹಂಚಲೂಬಹುದು. ಅದೇ ಲೆಕ್ಚರ್ ಯೂಟ್ಯೂಬಿನಲ್ಲೂ ಇದೆ. ಅಲ್ಲಿಂದ ಬೇರೆ ಸಾಫ್ಟ್‌ವೇರ್ ಹಾಕಿ ಎಳೆದರೆ ಎಂಐಟಿ ಬೇಡ ಅನ್ನುವುದಿಲ್ಲ, ಯೂಟ್ಯೂಬಿನ ಷರತ್ತು ಬೇಡ ಅನ್ನುತ್ತದೆ. ಕೃತಿ ಒಂದೇ, ಬಾಗಿಲು ಬೇರೆ. ಹಾಗಾಗಿ ನಾನು ಓಪನ್‌ಕೋರ್ಸ್‌ವೇರ್ ಪುಟಕ್ಕೇ ಹೋಗಿ ಕೋರ್ಸಿನ ಜಿಪ್ ಇಳಿಸಿದೆ. ಅದರಲ್ಲಿ ವಿಡಿಯೋ ಇರುವುದಿಲ್ಲ, ಒಂದೊಂದು ಲೆಕ್ಚರಿನ ಪುಟದಲ್ಲಿರುವ ಡೌನ್‌ಲೋಡ್ ಕೊಂಡಿಯಿಂದ ಬೇರೆಯಾಗಿ ತೆಗೆಯಬೇಕು. ಮೂವತ್ತೈದರ ಆಸುಪಾಸು ಲೆಕ್ಚರ್, ಒಂದೊಂದು ನೂರು ಎಂಬಿ ಚಿಲ್ಲರೆ. ಹಾಸ್ಟೆಲ್ ವೈಫೈ ಕೈಕೊಟ್ಟಾಗ `wget -c` ನಡುವಿನಿಂದ ಮುಂದುವರಿಸುತ್ತದೆ, ನಿಮಗೆ ಗೊತ್ತಿರುವುದೇ.

ಪ್ರತಿ ಫೋಲ್ಡರಿನಲ್ಲೂ ಇಂಥ ಒಂದು ಚೀಟಿ ಇಡುತ್ತೇನೆ, ಪಕ್ಕದಲ್ಲೇ ಪರವಾನಗಿ ಪುಟವನ್ನೂ ಉಳಿಸುತ್ತೇನೆ:

```
MIT OCW 18.06, Spring 2010
ocw.mit.edu
CC BY-NC-SA
```

ಸ್ಟ್ರಾಂಗ್ ಅವರ ಪಠ್ಯಪುಸ್ತಕ ಮಾತ್ರ ಈ ಪರವಾನಗಿಯಲ್ಲಿಲ್ಲ. ಲೆಕ್ಚರ್ ಮುಕ್ತ ಅಂದಮಾತ್ರಕ್ಕೆ ಅದೇ ಮೇಷ್ಟ್ರ ಪುಸ್ತಕವೂ ಮುಕ್ತ ಅಂದುಕೊಂಡು ಪಿಡಿಎಫ್ ಹುಡುಕಿದವರು ನಮ್ಮಲ್ಲೇ ಹತ್ತು ಜನ ಇದ್ದರು. ಅದನ್ನು ನಾನು ಲೈಬ್ರರಿಯಿಂದ ತಂದು ಬೇಕಾದ ಪುಟಗಳನ್ನಷ್ಟೇ ಸ್ಕ್ಯಾನ್ ಮಾಡಿದೆ.

"ನಕಲು ಪುಸ್ತಕದ ಹತ್ತು ಪರ್ಸೆಂಟ್ ದಾಟಬಾರದು" ಎಂಬ ಮಾತು ಜೆರಾಕ್ಸ್ ಅಂಗಡಿಯಿಂದ ಸ್ಟಾಫ್ ರೂಮಿನವರೆಗೆ ಓಡಾಡುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ವಿದ್ಯಾರ್ಥಿಗೆ ಅಂಥ ಅಂಕಿ ಇಲ್ಲ. 52ನೇ ಕಲಂ ಸ್ವಂತ ಉಪಯೋಗಕ್ಕೆ, ಸಂಶೋಧನೆಗೆ "ನ್ಯಾಯಯುತ ಬಳಕೆ" ಬಿಡುತ್ತದೆ (ಕಂಪ್ಯೂಟರ್ ಪ್ರೋಗ್ರಾಂ ಇದರಲ್ಲಿ ಸೇರದು). ಪಾಠದ ಭಾಗವಾಗಿ ಶಿಕ್ಷಕರೋ ವಿದ್ಯಾರ್ಥಿಯೋ ನಕಲು ಮಾಡುವುದನ್ನೂ ಬೇರೆಯಾಗಿ ಬಿಡುತ್ತದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ರಾಮೇಶ್ವರಿ ಫೋಟೊಕಾಪಿ ಅಂಗಡಿಯ ಮೇಲೆ ಪ್ರಕಾಶಕರು ಹಾಕಿದ ಕೇಸಿನಲ್ಲಿ 2016ರಲ್ಲಿ ಹೈಕೋರ್ಟ್ ಪೀಠ ಇದನ್ನೇ ಬಿಡಿಸಿ ಹೇಳಿತು: ಅಳತೆ ಪುಟದ ಲೆಕ್ಕವಲ್ಲ, ಪಾಠಕ್ಕೆ ಅದು ಬೇಕಿತ್ತೇ ಎಂಬುದು. ಹಾಗಂತ ಅಂಗಡಿಯಲ್ಲಿ ಸಿಗುವ ಪುಸ್ತಕವನ್ನು ರಟ್ಟಿನಿಂದ ರಟ್ಟಿನವರೆಗೆ ಸ್ಕ್ಯಾನ್ ಮಾಡಿ "ಸ್ವಂತ ಓದು" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅದು ಕೊಳ್ಳುವುದರ ಬದಲಿಗೆ ಮಾಡಿದ ನಕಲು, ಅದಕ್ಕೆ ನ್ಯಾಯಯುತ ಎಂಬ ಮಾತು ಹೊಂದುವುದಿಲ್ಲ. ನಾನು ಎರಡು ಅಧ್ಯಾಯ ಸ್ಕ್ಯಾನ್ ಮಾಡಿದೆ, ಉಳಿದದ್ದು ಬೇಕು ಅನ್ನಿಸಿದಾಗ ಅವೆನ್ಯೂ ರಸ್ತೆಯಲ್ಲಿ ಮುನ್ನೂರೈವತ್ತಕ್ಕೆ ಹಳೆಯ ಪ್ರತಿ ತಂದೆ. ಹಳೆಯ ಪ್ರತಿಗೆ ಲಾಗಿನ್ ಬೇಡ, ಕರೆಂಟೂ ಬೇಡ.

ನಾಚಿಕೆಯ ವಿಷಯವೂ ಒಂದಿದೆ. ಕಾಲೇಜು ಚಂದಾ ಕಟ್ಟಿದ್ದ ಒಂದು ಜರ್ನಲ್ ಸಂಗ್ರಹವನ್ನು ಊರಿಗೆ ಹೊರಡುವ ಹಿಂದಿನ ರಾತ್ರಿ ಸ್ಕ್ರಿಪ್ಟ್ ಹಾಕಿ ಸಂಪುಟಗಟ್ಟಲೆ ಇಳಿಸಲು ಬಿಟ್ಟು ಮಲಗಿದೆ. ಬೆಳಿಗ್ಗೆ ಏಳುವಷ್ಟರಲ್ಲಿ ನಾನೂರು ಲೇಖನ ಬಂದಿತ್ತು, ಮತ್ತು ಇಡೀ ಕ್ಯಾಂಪಸ್ಸಿಗೆ ಪ್ರವೇಶ ಕಡಿದಿತ್ತು. ಒಂದು ಲೇಖನ ಓದಲು ಉಳಿಸಿಕೊಳ್ಳುವುದನ್ನು ಆ ಒಪ್ಪಂದ ಬಿಡುತ್ತದೆ, ಸಾಲಾಗಿ ಯಂತ್ರದಿಂದ ಎಳೆಯುವುದನ್ನು ಬಿಡುವುದಿಲ್ಲ. ಹೆಚ್ಚುಕಡಿಮೆ ಹತ್ತು ದಿನ ಪಿಎಚ್‌ಡಿ ಮಾಡುವ ಅಕ್ಕಂದಿರೂ ಅಣ್ಣಂದಿರೂ ಕೈಕಟ್ಟಿ ಕೂರಬೇಕಾಯಿತು. ಲೈಬ್ರರಿಯ ಮೇಡಂ ಬೈಯಲಿಲ್ಲ. "ನಿಂಗೆ ಎಷ್ಟು ಬೇಕಿತ್ತು?" ಅಂತ ಅಷ್ಟೇ ಕೇಳಿದರು. ಲೆಕ್ಕ ಹಾಕಿದೆ, ಹದಿನೇಳು. ನಾನೂರನ್ನೂ ಅಳಿಸಿ, ಪ್ರವೇಶ ಮರಳಿದ ಮೇಲೆ ಆ ಹದಿನೇಳನ್ನು ಎರಡು ಮಧ್ಯಾಹ್ನ ಕೂತು ಕೈಯಿಂದ ಇಳಿಸಿದೆ.

ಚಂದಾ ಇಲ್ಲದ ಲೇಖನಗಳಿಗೆ ಲೇಖಕರಿಗೇ ಮೇಲ್ ಬರೆಯುವ ಪ್ರಯೋಗವನ್ನೂ ಮಾಡಿದೆ. ಹದಿನಾಲ್ಕು ಜನಕ್ಕೆ ಬರೆದೆ, ಒಂಬತ್ತೋ ಹತ್ತೋ ಜನ ಪ್ರತಿ ಕಳಿಸಿದರು. ಆ ಇಮೇಲಿನ ಮೊದಲ ಎರಡು ಸಾಲನ್ನು ನಾನು ಯಾರಿಗೂ ಕೊಟ್ಟಿಲ್ಲ. ಎಲ್ಲರೂ ಅದನ್ನೇ ಅಂಟಿಸಿ ಕಳಿಸಿದರೆ ಕೆಲಸ ಕೆಡುತ್ತದೆ. ಇನ್ನೊಂದು ಪ್ರಯೋಗ ಮನೆಯವರಿಗಾಗಿ: ನೆಟ್ ಇಲ್ಲದೆ ಓದಿಸುವ ಕಿವಿಕ್ಸ್ ಆ್ಯಪ್ ಹಾಕಿ ಕನ್ನಡ ವಿಕಿಪೀಡಿಯವನ್ನು ಅಮ್ಮನ ಫೋನಿಗೆ ಇಳಿಸಿಕೊಟ್ಟೆ. ವಿಕಿಪೀಡಿಯದ ಪರವಾನಗಿ ಹಂಚುವುದನ್ನೂ ಬಿಡುವುದರಿಂದ ಪಕ್ಕದ ಮನೆಯ ಮಕ್ಕಳಿಗೂ ಅದೇ ಫೈಲ್ ಹೋಯಿತು.

ಹಂಚುವ ವಿಷಯದಿಂದಲೇ ಡಿಸ್ಕಿನಲ್ಲಿ ಎರಡು ಕೋಣೆ ಆದದ್ದು. "ಹಂಚಬಹುದು" ಎಂಬುದರಲ್ಲಿ ಓಪನ್‌ಕೋರ್ಸ್‌ವೇರ್, ವಿಕಿಪೀಡಿಯ. "ನನಗೆ ಮಾತ್ರ" ಎಂಬುದರಲ್ಲಿ ಸ್ಕ್ಯಾನ್ ಮಾಡಿದ ಅಧ್ಯಾಯ, ಜರ್ನಲ್ ಲೇಖನ, ಎನ್‌ಸಿಇಆರ್‌ಟಿ ಪಠ್ಯದ ಪಿಡಿಎಫ್. ಎನ್‌ಸಿಇಆರ್‌ಟಿಯದ್ದು ಪುಕ್ಕಟೆ ಸಿಗುತ್ತದೆ, ಆದರೆ ಹಕ್ಕು ಅವರದ್ದೇ. ಬೇಕಾದವರು ಅವರ ತಾಣದಿಂದಲೇ ಇಳಿಸಿಕೊಳ್ಳಲಿ. ಸ್ವಂತ ಓದಿಗೆ ಸಿಕ್ಕ ವಿನಾಯಿತಿ ನನ್ನ ಮೇಜಿನವರೆಗೆ ಮಾತ್ರ, ಪಕ್ಕದವನ ಪೆನ್‌ಡ್ರೈವಿಗೆ ದಾಟುವುದಿಲ್ಲ.

ಹೋದ ವರ್ಷ ಅದೇ ಸೀನಿಯರ್ ಫೋನ್ ಮಾಡಿದರು. "ನಿನ್ನ ಡಿಸ್ಕ್ ಕೊಡೋ, ಪೆನ್‌ಡ್ರೈವಿಗೆ ಹಾಕಿ ಮುನ್ನೂರಕ್ಕೆ ಮಾರೋಣ, ಅರ್ಧ ನಿಂಗೆ."

"ಅಣ್ಣಾ, ಎಂಐಟಿದು ನೀವೇ ಓದೋದಾದ್ರೆ ಇವತ್ತೇ ಕೊಡ್ತೀನಿ. ಮಾರೋಕಾದ್ರೆ ಆಗಲ್ಲ, ಆ ಪರವಾನಗಿಯಲ್ಲಿ ಎನ್‌ಸಿ ಅಂತಿದೆ, ದುಡ್ಡು ಮಾಡಬಾರದು ಅಂತ."

ಸ್ವಲ್ಪ ಹೊತ್ತು ಸುಮ್ಮನಿದ್ದು, ಓದುವುದಕ್ಕೇ ಅಂತ ಬಂದು ತೆಗೆದುಕೊಂಡು ಹೋದರು. "ಹಂಚಬಹುದು" ಫೋಲ್ಡರ್ ಪೂರ್ತಿ, ಚೀಟಿಗಳ ಸಮೇತ.