ತಾಮ್ರಪಟ ಅಸಲಿಯೋ ನಕಲಿಯೋ? ಮೊದಲು ತಿಥಿ ನೋಡಿ

ತಾಮ್ರಪಟ ಕೈಗೆ ಸಿಕ್ಕ ಕೂಡಲೇ ಕೆಲವರು ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೇಲಿನ ಹಸಿರು ಪದರವೂ ಸಾಕ್ಷಿಯೇ. ಪಾತ್ರೆ ಹೊಳಪಿಸುವ ಪುಡಿಯಂತೂ ಬೇಡವೇ ಬೇಡ.

ಮೊದಲು ತಾಮ್ರದ ಹಲಗೆ, ಅವನ್ನು ಪೋಣಿಸಿದ ಬಳೆ, ಅದರ ಮೇಲಿನ ಮುದ್ರೆಗಳ ಫೋಟೊ ತೆಗೆದು, ಅಳತೆ ಮತ್ತು ತೂಕ ಬರೆದುಕೊಳ್ಳಿ. ಆಮೇಲೆ ಪಠ್ಯ ಓದಿ.

ಜಾಸ್ತಿ ಜನ ಎಡವುವುದು ಕಾಲದ ವಿಷಯದಲ್ಲಿ. ಶಕವರ್ಷಕ್ಕೆ 78 ಕೂಡಿಸಿ ಸುಮ್ಮನಾಗುತ್ತಾರೆ. ವಾರ, ತಿಥಿ, ನಕ್ಷತ್ರ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡುವುದೇ ಇಲ್ಲ. ನಾನಾದರೆ ಅಲ್ಲಿಂದಲೇ ಶುರು ಮಾಡುತ್ತೇನೆ.

ಗಂಗರ ಅರಸ ಅವಿನೀತನ ಹೆಸರಿನ ಮಡಿಕೇರಿ ತಾಮ್ರಪಟವನ್ನು ನೋಡಿ. ಅದರಲ್ಲಿರುವ ಕಾಲ 388, ಮಾಘ ಶುದ್ಧ ಪಂಚಮಿ, ಸೋಮವಾರ, ಸ್ವಾತಿ ನಕ್ಷತ್ರ. ಇದನ್ನು ಶಕವರ್ಷ ಎಂದುಕೊಂಡರೆ ಕ್ರಿ.ಶ. 466ರ ಆಸುಪಾಸು. ಮಾಘದ ಹುಣ್ಣಿಮೆಯಂದು ಚಂದ್ರ ಮಖೆಯ ಹತ್ತಿರ ಇರುತ್ತಾನೆ. ತಿಂಗಳಿಗೆ ಆ ಹೆಸರು ಬಂದದ್ದೇ ಹಾಗೆ. ಚಂದ್ರ ದಿನಕ್ಕೆ ಸುಮಾರು ಒಂದು ನಕ್ಷತ್ರ ದಾಟುತ್ತಾನೆ. ಶುದ್ಧ ಪಂಚಮಿ ಹುಣ್ಣಿಮೆಗಿಂತ ಹತ್ತು ದಿನ ಹಿಂದೆ. ಮಖೆಯಿಂದ ಹಿಂದಕ್ಕೆ ಹತ್ತು ಎಣಿಸಿದರೆ ಸಿಗುವುದು ರೇವತಿ. ಒಂದೆರಡು ನಕ್ಷತ್ರ ಆಚೀಚೆ ಆಗಬಹುದು, ಆದರೆ ಸ್ವಾತಿ ಬರಲು ಸಾಧ್ಯವೇ ಇಲ್ಲ.

ಇಷ್ಟಕ್ಕೇ ನಕಲಿ ಎಂದುಬಿಡಬೇಡಿ. ಮಖೆಯಿಂದ ಮುಂದಕ್ಕೆ ಐದು ಎಣಿಸಿ: ಹುಬ್ಬ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಅಂದರೆ ಬಹುಳ ಪಂಚಮಿಗೆ ಸ್ವಾತಿ ಹೊಂದುತ್ತದೆ! ಬಹುಳ ಎನ್ನುವಲ್ಲಿ ಶುದ್ಧ ಎಂದು ಬರೆದವನ ಕೈತಪ್ಪೂ ಆಗಿರಬಹುದು ಅಲ್ವಾ? ಹಾಗಾಗಿ ಒಂದು ತಪ್ಪು ಸಾಲದು. ಅದಕ್ಕೆ ಸಂಬಂಧವಿಲ್ಲದ ಇನ್ನೊಂದು ಸುಳಿವು ಬೇಕು.

ಇಲ್ಲಿ ಅದು ಸಿಗುತ್ತದೆ. ತಲಕಾಡಿನ ಬಸದಿಗೆ ಬದಣೆಗುಪ್ಪೆ ಊರನ್ನು ಕೊಟ್ಟ ದಾನದ ಭಾಗದಲ್ಲಿ ಅಕಾಲವರ್ಷನ ಮಂತ್ರಿಯ ಮಾತು ಬರುತ್ತದೆ. ಅಕಾಲವರ್ಷ ಎಂಬುದು ಕೃಷ್ಣ ಎಂಬ ಹೆಸರಿನ ರಾಷ್ಟ್ರಕೂಟ ಅರಸರ ಬಿರುದು. ಅವರಲ್ಲಿ ಮೊದಲನೆಯವನು ಆಳಿದ್ದು 8ನೇ ಶತಮಾನದಲ್ಲಿ. ಸೋಮವಾರವೂ ಅನುಮಾನ ಹುಟ್ಟಿಸುತ್ತದೆ. ಭಾರತದ ಶಾಸನಗಳಲ್ಲಿ ವಾರದ ಹೆಸರು ಖಚಿತವಾಗಿ ಮೊದಲು ಕಾಣುವುದು ಮಧ್ಯಪ್ರದೇಶದ ಏರಣ್‌ನ ಕ್ರಿ.ಶ. 484ರ ಶಾಸನದಲ್ಲಿ. ಅಕ್ಷರದ ರೂಪವೂ 5ನೇ ಶತಮಾನಕ್ಕೆ ಹೊಂದುವುದಿಲ್ಲ ಎಂದು ಶಾಸನತಜ್ಞ ಫ್ಲೀಟ್ ವಾದಿಸಿದ್ದರು.

ಅಕ್ಷರ ನೋಡುವಾಗ ಮೂಲ ಹಲಗೆಯನ್ನೋ ಒಳ್ಳೆಯ ಪಡಿಯಚ್ಚನ್ನೋ ನೋಡಿ. ಕಲ್ಲಿನ ಶಾಸನಕ್ಕೆ ಸೀಮೆಸುಣ್ಣ ತುಂಬಿ ತೆಗೆದ ಫೋಟೊ ನಂಬಬೇಡಿ. ಅದರಲ್ಲಿ ಕಾಣುವುದು ಸುಣ್ಣ ತುಂಬಿದವನ ಓದು.

ನಾಣ್ಯಕ್ಕೆ ಒಂದೇ ಮಾತು: ಎರಡನ್ನು ಪಕ್ಕದಲ್ಲಿಟ್ಟು ಅಂಚು ನೋಡಿ. ಕೈಯಿಂದ ಅಚ್ಚು ಒತ್ತಿದ ನಾಣ್ಯಗಳಲ್ಲಿ ಚಿತ್ರ ಒಂದೇ ಇದ್ದರೂ ಅಂಚು, ಬಿರುಕು ಬೇರೆ ಬೇರೆ. ಬಿರುಕೂ ಒಂದೇ ಆಗಿದ್ದರೆ ಒಂದರ ಅಚ್ಚಿನಲ್ಲಿ ಇನ್ನೊಂದನ್ನು ಎರಕ ಹೊಯ್ದಿದ್ದಾರೆ ಎಂದರ್ಥ.

ಮಡಿಕೇರಿ ಪಟವನ್ನು 466ರ ಸಾಕ್ಷಿಯಾಗಿ ಬಳಸಬೇಡಿ. ಆದರೆ ಎಸೆಯಲೂ ಬೇಡಿ. ಅದನ್ನು ಬರೆಸಿದ ಕಾಲದಲ್ಲಿ ತಲಕಾಡಿನ ಬಸದಿ ಬದಣೆಗುಪ್ಪೆ ಊರಿನ ಮೇಲೆ ಹಕ್ಕು ಹೇಳುತ್ತಿತ್ತು ಎನ್ನಲು ಅದೇ ಆಧಾರ.