ಟಾರ್ಗೆಟ್ ಬೇರೆ, ನನ್ನ ಓಕೆಆರ್ ಬೇರೆ

ಓಕೆಆರ್ ಅಂದರೆ ಒಂದು ಗುರಿ, ಅಂದರೆ ಆಬ್ಜೆಕ್ಟಿವ್, ಮತ್ತು ಅದು ಎಷ್ಟು ಈಡೇರಿತು ಎಂದು ಅಳೆಯುವ ಕೀ ರಿಸಲ್ಟ್‌ಗಳು. ಸೇಲ್ಸ್‌ನಲ್ಲಿರುವವರಿಗೆ ಅದನ್ನು ಬರೆಯಿರಿ ಅಂದರೆ ಹೆಚ್ಚಿನವರು ತ್ರೈಮಾಸಿಕದ ಟಾರ್ಗೆಟ್ಟನ್ನೇ ಎತ್ತಿ ಬರೆದುಬಿಡುತ್ತಾರೆ. 'ಆಬ್ಜೆಕ್ಟಿವ್: ಟಾರ್ಗೆಟ್ ಮುಟ್ಟುವುದು. ಕೀ ರಿಸಲ್ಟ್: ಟಾರ್ಗೆಟ್‌ನ ಮೊತ್ತ.' ಇದರಿಂದ ಹೊಸದೇನೂ ಗೊತ್ತಾಗುವುದಿಲ್ಲ. ಟಾರ್ಗೆಟ್ ಕಂಪನಿ ಕೊಡುವುದು, ಇನ್ಸೆಂಟಿವ್ ಅದರ ಮೇಲೆ ನಿಂತಿರುತ್ತದೆ. ನನ್ನ ಓಕೆಆರ್ ಹೇಳಬೇಕಾದದ್ದು ಬೇರೆ: ಈ ಮೂರು ತಿಂಗಳಲ್ಲಿ ನನ್ನ ಮಾರಾಟದ ಕೆಲಸದಲ್ಲಿ ಯಾವ ಒಂದು ಜಾಗ ಸರಿಯಾಗಬೇಕು?

ಹಾಗಾಗಿ ನಾನು ಬರೆಯಲು ಕೂರುವ ಮೊದಲು ಹಿಂದಿನ ತ್ರೈಮಾಸಿಕದ ಡೀಲ್‌ಗಳನ್ನು ಗ್ರಾಹಕರ ದಾಖಲೆ ಇಡುವ ಸಾಫ್ಟ್‌ವೇರ್ ಆದ ಸಿಆರ್‌ಎಂನಲ್ಲಿ ಹಂತ ಹಂತವಾಗಿ ನೋಡುತ್ತೇನೆ. ಒಂದು ಸಲ ಚಿತ್ರ ಹೀಗಿತ್ತು: 24 ಪ್ರಪೋಸಲ್ ಕಳಿಸಿದ್ದೆ, 4 ಮಾತ್ರ ಆರ್ಡರ್ ಆಗಿದ್ದವು. ಮೀಟಿಂಗ್‌ಗಳಿಗೆ ಕೊರತೆ ಇರಲಿಲ್ಲ. ಕೈತಪ್ಪಿದ ಡೀಲ್‌ಗಳ ನೋಟ್ಸ್ ಒಂದೊಂದಾಗಿ ಓದಿದಾಗ ವಿಷಯ ತಿಳಿಯಿತು. ಬೆಲೆಗೆ ತಕರಾರು ಬಂದದ್ದು ಕಡಿಮೆ. ಹೆಚ್ಚಿನವು 'ಉತ್ತರವಿಲ್ಲ' ಎಂದೇ ನಿಂತಿದ್ದವು. ಅಲ್ಲೆಲ್ಲ ನಾನು ಮಾತಾಡಿದ್ದು ವಿಚಾರಿಸಿದವರ ಜೊತೆ, ಖರೀದಿಗೆ ಒಪ್ಪಿಗೆ ಕೊಡುವವರ ಜೊತೆ ಅಲ್ಲ. 24ರಲ್ಲಿ 8 ಕಡೆ ಮಾತ್ರ ನಿರ್ಧಾರ ಮಾಡುವವರನ್ನು ಭೇಟಿಯಾಗಿ ಪ್ರಪೋಸಲ್ ಕಳಿಸಿದ್ದೆ.

ಆಬ್ಜೆಕ್ಟಿವ್ ಅಲ್ಲೇ ಸಿಕ್ಕಿತು: 'ಯಾರು ಒಪ್ಪಿಗೆ ಕೊಡುತ್ತಾರೋ ಅವರ ಜೊತೆ ಮಾತಾಡಿಯೇ ಪ್ರಪೋಸಲ್ ಕಳಿಸುವುದು.' ಅದರ ಕೆಳಗೆ ಬರೆದ ಕೀ ರಿಸಲ್ಟ್‌ಗಳು:

1. ನಿರ್ಧಾರ ಮಾಡುವವರ ಜೊತೆ ಮಾತಾಡಿದ ಮೇಲೆ ಕಳಿಸಿದ ಪ್ರಪೋಸಲ್‌ಗಳ ಪಾಲು ಶೇ. 33ರಿಂದ ಶೇ. 75ಕ್ಕೆ.
2. ಪ್ರಪೋಸಲ್ ಆರ್ಡರ್ ಆಗುವ ಪ್ರಮಾಣ 6ಕ್ಕೆ 1ರಿಂದ 4ಕ್ಕೆ 1ಕ್ಕೆ.
3. ಒಟ್ಟು ಪ್ರಪೋಸಲ್ 20ಕ್ಕಿಂತ ಕಡಿಮೆಯಾಗದೆ, ಸರಾಸರಿ ಡಿಸ್ಕೌಂಟ್ ಶೇ. 10 ದಾಟದೆ ಇರುವುದು.

ಮೂರನೆಯದು ನೋಡಲು ಚಪ್ಪೆ ಅನಿಸಬಹುದು. ಆದರೆ ಅದು ಇಲ್ಲದಿದ್ದರೆ ಎರಡನೆಯದನ್ನು ಸುಲಭವಾಗಿ ಗೆಲ್ಲಬಹುದು: ಡಿಸ್ಕೌಂಟ್ ಜಾಸ್ತಿ ಕೊಟ್ಟರಾಯಿತು, ಇಲ್ಲವೇ ಖಾತ್ರಿ ಇರುವ ನಾಲ್ಕು ಕಡೆಗೆ ಮಾತ್ರ ಪ್ರಪೋಸಲ್ ಕಳಿಸಿದರಾಯಿತು. ಒಂದು ಅಂಕಿ ಮೇಲೆ ಹೋಗುವಾಗ ಯಾವುದು ಹಾಳಾಗಬಹುದು ಎಂದು ಯೋಚಿಸಿ, ಅದಕ್ಕೊಂದು ಕಾವಲು ಹಾಕಲೇಬೇಕು.

ನನ್ನ ಮ್ಯಾನೇಜರ್ ಇದನ್ನು ಓದಿ, "ವಾರಕ್ಕೆ 30 ಕಾಲ್ ಮಾಡ್ತೀನಿ ಅಂತ ಯಾಕೆ ಹಾಕಿಲ್ಲ?" ಎಂದು ಕೇಳಿದರು. "ಸರ್, ಅದು ನಾನು ಮಾಡೋ ಕೆಲಸ. ಅದರಿಂದ ಏನು ಬದಲಾಯ್ತು ಅನ್ನೋದು ಇಲ್ಲಿರಬೇಕು ಅಲ್ವಾ?" ಎಂದೆ. ಕಾಲ್‌ಗಳ ಲೆಕ್ಕ ನನ್ನ ವಾರದ ಪಟ್ಟಿಯಲ್ಲಿ ಇರುತ್ತದೆ. 30 ಕಾಲ್ ಮಾಡಿಯೂ ಒಬ್ಬ ನಿರ್ಧಾರಕರನ್ನೂ ಮುಟ್ಟದೆ ಇರಬಹುದು.

ಸೇಲ್ಸ್‌ನಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿ ಪ್ರಪೋಸಲ್ ಕಳಿಸಿ ಆರ್ಡರ್ ಕೈಗೆ ಬರಲು ಸುಮಾರು ಆರು ವಾರ ಬೇಕು. ತ್ರೈಮಾಸಿಕ ಅಂದರೆ 13 ವಾರ. ಕೊನೆಯ ಆರು ವಾರದಲ್ಲಿ ಕಳಿಸಿದವುಗಳ ಫಲ ಅಷ್ಟರೊಳಗೆ ಕಾಣುವುದೇ ಇಲ್ಲ. ಅದಕ್ಕೇ ಎರಡನೇ ಕೀ ರಿಸಲ್ಟ್‌ಗೆ ಮೊದಲ ಏಳು ವಾರದ ಪ್ರಪೋಸಲ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ಎಂದು ಮೊದಲೇ ಬರೆದಿಟ್ಟೆ. ಕೊನೆಯಲ್ಲಿ ಬರೆದರೆ ಅದು ಸಬೂಬಿನಂತೆ ಕೇಳುತ್ತದೆ.

ತ್ರೈಮಾಸಿಕ ಮುಗಿದ ಮೇಲೆ ಪ್ರತಿ ಕೀ ರಿಸಲ್ಟ್‌ಗೆ 0ಯಿಂದ 1ರೊಳಗೆ ಅಂಕ ಹಾಕುವಾಗ ತುಂಬ ಜನ ಎಡವುವುದು ಒಂದೇ ಕಡೆ. ನನ್ನ ಮೊದಲ ಕೀ ರಿಸಲ್ಟ್ ಕೊನೆಗೆ 20 ಪ್ರಪೋಸಲ್‌ಗಳಲ್ಲಿ 12, ಅಂದರೆ ಶೇ. 60 ಆಗಿತ್ತು. 60ನ್ನು 75ರಿಂದ ಭಾಗಿಸಿದರೆ 0.8 ಬರುತ್ತದೆ, ಖುಷಿಯಾಗುತ್ತದೆ. ಆದರೆ 33 ಮೊದಲೇ ಇತ್ತಲ್ಲ! ಏರಬೇಕಿದ್ದದ್ದು 42, ಏರಿದ್ದು 27. ಸರಿಯಾದ ಅಂಕ 0.64.

ಎರಡನೆಯದನ್ನು ನಾನು ಅಷ್ಟು ನಂಬುವುದಿಲ್ಲ. ಮೊದಲ ಏಳು ವಾರದ 14 ಪ್ರಪೋಸಲ್‌ಗಳಲ್ಲಿ 3 ಆರ್ಡರ್ ಆದವು, ಅಂಕ ಸುಮಾರು 0.57. ಇನ್ನೊಂದೇ ಆರ್ಡರ್ ಬಂದಿದ್ದರೆ ಗುರಿಯನ್ನೇ ದಾಟುತ್ತಿತ್ತು. ಇಷ್ಟು ಸಣ್ಣ ಸಂಖ್ಯೆಯಲ್ಲಿ ಒಂದು ಡೀಲ್ ಇಡೀ ಚಿತ್ರವನ್ನೇ ಬದಲಿಸುತ್ತದೆ. ವಾರ ವಾರ ನೋಡಿ ದಾರಿ ತಿದ್ದಿಕೊಳ್ಳಲು ಮೊದಲ ಕೀ ರಿಸಲ್ಟೇ ಗಟ್ಟಿ, ಅದರ ಮೇಲೆ ನನ್ನ ಹಿಡಿತ ಜಾಸ್ತಿ.

ಮುಂದಿನ ತ್ರೈಮಾಸಿಕಕ್ಕೆ ಆಬ್ಜೆಕ್ಟಿವ್ ಹಾಗೇ ಉಳಿಸಿಕೊಂಡೆ. ಮೊದಲ ಕೀ ರಿಸಲ್ಟನ್ನು ಶೇ. 60ರಿಂದ ಶುರುಮಾಡಿ 80ಕ್ಕೆ ಏರಿಸಿದೆ. ಎರಡನೆಯದಕ್ಕೆ ಎರಡು ತ್ರೈಮಾಸಿಕಗಳ ಪ್ರಪೋಸಲ್‌ಗಳನ್ನು ಸೇರಿಸಿ ಲೆಕ್ಕ ಹಾಕುತ್ತಿದ್ದೇನೆ.